ಫಿಲೊಕ್ಸೆನಿಯಾ: ಅಪರಿಚಿತರಿಗೆ ಗ್ರೀಕರು ಮಾಡುವ ಸತ್ಕಾರ

ಗುರುತುಪರಿಚಯವಿಲ್ಲದೆ ಬಾಗಿಲಿಗೆ ಬಂದವನನ್ನು ಒಳಗೆ ಕರೆದು, ಉಣಿಸಿ, ಮಲಗಲು ಜಾಗ ಕೊಟ್ಟು, ಹೊರಡುವ ದಿನ ಕ್ಷೇಮವಾಗಿ ಕಳಿಸಿಕೊಡುವ ಗ್ರೀಕರ ಪದ್ಧತಿಗೆ ಫಿಲೊಕ್ಸೆನಿಯಾ ಎಂದು ಹೆಸರು. ‘ಕ್ಸೆನೊಸ್’ ಎಂಬ ಗ್ರೀಕ್ ಮಾತು ಅಪರಿಚಿತ, ಪರದೇಶಿ, ಅತಿಥಿ, ಆತಿಥೇಯ ಎಲ್ಲರಿಗೂ ಸಲ್ಲುತ್ತದೆ. ಇವರ ನಡುವೆ ಬೆಳೆಯುವ ನಂಟು ‘ಕ್ಸೆನಿಯಾ’. ಆ ನಂಟಿಗೆ ಮನಸ್ಸು ತೆರೆದಿಟ್ಟುಕೊಂಡವನು ‘ಫಿಲೊಕ್ಸೆನೊಸ್’. ಸುಮಾರು ಕ್ರಿ.ಪೂ. 8ನೆಯ ಶತಮಾನದಲ್ಲಿ ರೂಪುಗೊಂಡ ಹೋಮರನ ಕಾವ್ಯಗಳಲ್ಲೇ ಈ ಮಾತುಗಳು ಬಳಕೆಯಲ್ಲಿವೆ. ಅಪರಿಚಿತರ ಪರವಾಗಿ ನಿಲ್ಲುವ ದೇವರು ಸ್ವತಃ ದೇವರಾಜ ಜೀಯಸ್. ಈ ಹೊಣೆಯಲ್ಲಿ ಅವನಿಗೆ ‘ಜೀಯಸ್ ಕ್ಸೆನಿಯೊಸ್’ ಎಂಬ ಬಿರುದು.

ಇದನ್ನು ಸೌಜನ್ಯದ ದೊಡ್ಡ ರೂಪವೆಂದು ತಿಳಿಯುವುದು ಸಾಮಾನ್ಯ. ಆದರೆ ಸೌಜನ್ಯದ ಕೆಲಸವೇ ಬೇರೆ. ಎದುರಿಗಿರುವವರು ಯಾರು, ಅವರ ವಯಸ್ಸೇನು, ಅಂತಸ್ತೇನು ಎಂದು ಅಂದಾಜು ಮಾಡಿಕೊಂಡು, ಅದಕ್ಕೆ ತಕ್ಕ ಮಾತು, ದನಿ, ದೂರಗಳನ್ನು ಕಾಯುವುದು ಸೌಜನ್ಯ. ಅದು ಬೀದಿಯಲ್ಲೂ ಸಾಗುತ್ತದೆ, ಹೊಸ್ತಿಲ ಆಚೆಗೆ ನಿಂತೂ ಸಾಗುತ್ತದೆ. ಫಿಲೊಕ್ಸೆನಿಯಾ ಶುರುವಾಗುವುದು ಬಂದವನು ಯಾರೆಂದು ತಿಳಿಯುವ ಮೊದಲು, ಮತ್ತು ಅದಕ್ಕೆ ಮಾತು ಸಾಲುವುದಿಲ್ಲ. ಅನ್ನ, ಹಾಸಿಗೆ, ಹೊದಿಕೆ ಬೇಕು. ಮಾತು ಒರಟಾಗಿದ್ದರೂ ಅದು ಕೆಡುವುದಿಲ್ಲ. ಮಾತೆಲ್ಲ ಬೆಲ್ಲವಾಗಿದ್ದು ಬಾಗಿಲು ಮುಚ್ಚಿದ್ದರೆ ಅದು ಇಲ್ಲವೇ ಇಲ್ಲ. ಈ ಅಂತರ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅರಮನೆಗಳಲ್ಲಲ್ಲ, ‘ಒಡಿಸ್ಸಿ’ಯ 14ನೆಯ ಸರ್ಗದ ಒಂದು ಹಂದಿಗೂಡಿನ ಬಳಿ.

ಯೂಮಿಯಸನ ಗುಡಿಸಲು

ಟ್ರಾಯ್ ಯುದ್ಧಕ್ಕೆ ಹೋದ ಒಡಿಸ್ಯೂಸ್ ಇಪ್ಪತ್ತು ವರ್ಷದ ಮೇಲೆ ತನ್ನ ದ್ವೀಪ ಇಥಾಕಾಕ್ಕೆ ಮರಳುತ್ತಾನೆ. ಅರಮನೆಯಲ್ಲಿ ಅವನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗಲು ಬಂದವರು ಬೀಡುಬಿಟ್ಟು, ಅವನ ಆಸ್ತಿಯನ್ನು ತಿಂದು ಮುಗಿಸುತ್ತಿದ್ದಾರೆ. ಗುರುತು ಸಿಗದಂತೆ ಅಥೀನಾ ದೇವಿ ಅವನನ್ನು ಚಿಂದಿ ಉಟ್ಟ ಮುದುಕ ತಿರುಕನನ್ನಾಗಿ ಮಾಡುತ್ತಾಳೆ. ಆ ವೇಷದಲ್ಲಿ ಅವನು ಮೊದಲು ಹೋಗುವುದು ತನ್ನದೇ ಆಳು, ಹಂದಿ ಕಾಯುವ ಯೂಮಿಯಸನ ಬಳಿಗೆ.

ಯೂಮಿಯಸ್ ಅಂಗಳದಲ್ಲಿ ಕೂತು ಎತ್ತಿನ ಚರ್ಮದಿಂದ ಮೆಟ್ಟು ಕೊಯ್ದುಕೊಳ್ಳುತ್ತಿದ್ದ. ಅವನ ನಾಲ್ಕು ನಾಯಿಗಳು ಮುದುಕನ ಮೇಲೆ ಎರಗಿದವು. ಒಡಿಸ್ಯೂಸ್ ಕೋಲು ಕೈಬಿಟ್ಟು ನೆಲದ ಮೇಲೆ ಕುಳಿತುಬಿಟ್ಟ. ಯೂಮಿಯಸ್ ಚರ್ಮವನ್ನು ಕೈಯಿಂದ ಬೀಳಿಸಿ ಓಡಿಬಂದು, ಕಲ್ಲು ಬೀರಿ ನಾಯಿಗಳನ್ನು ಅಟ್ಟಿದ. ಆಮೇಲೆ ಅವನು ಆಡುವ ಮೊದಲ ಮಾತಿನಲ್ಲಿ ಸ್ವಾಗತದ ಸೊಗಸೇನೂ ಇಲ್ಲ. ನಾಯಿಗಳು ನಿನ್ನನ್ನು ಹರಿದುಹಾಕಿದ್ದರೆ ಕೆಟ್ಟ ಹೆಸರು ನನಗೆ ಬರುತ್ತಿತ್ತು, ನನಗಿರುವ ದುಃಖವೇ ಸಾಕಷ್ಟಿದೆ ಎಂದು ಗೊಣಗುತ್ತಾನೆ. ಕಾಣೆಯಾದ ಒಡೆಯನನ್ನು ನೆನೆದು ಕೊರಗುವ ಮನುಷ್ಯ ಅವನು. ಆದರೆ ಗೊಣಗುತ್ತಲೇ ಮುದುಕನನ್ನು ಒಳಗೆ ಕರೆಯುತ್ತಾನೆ: ಮೊದಲು ಊಟ ಮಾಡು, ಎಲ್ಲಿಯವನು, ಏನು ಕಷ್ಟಪಟ್ಟೆ ಎಂಬುದನ್ನು ಆಮೇಲೆ ಹೇಳುವೆಯಂತೆ.

ಒಳಗೆ ಅವನು ಸೊಪ್ಪುಸದೆ ಹರಡಿ, ಅದರ ಮೇಲೆ ಕಾಡುಮೇಕೆಯ ದಪ್ಪ ತೊಗಲನ್ನು ಹಾಸಿ ಕೂರಿಸುತ್ತಾನೆ. ಆ ತೊಗಲು ಅವನು ದಿನವೂ ಮಲಗುವ ಹಾಸಿಗೆ. ಅತಿಥಿ ಕೃತಜ್ಞತೆ ಹೇಳಿದರೆ ಅವನು ಅದನ್ನು ತನ್ನ ದೊಡ್ಡತನವಾಗಿ ಎತ್ತಿಕೊಳ್ಳುವುದಿಲ್ಲ. ನಿನಗಿಂತ ಹೀನಸ್ಥಿತಿಯವನು ಬಂದರೂ ಕಡೆಗಣಿಸುವುದು ಸಲ್ಲದು, ಪರದೇಶಿಗಳೂ ತಿರುಕರೂ ಜೀಯಸನ ಕಡೆಯವರು, ನಮ್ಮಂಥವರು ಕೊಡುವುದು ಅಲ್ಪವಾದರೂ ಮನಸ್ಸಿನಿಂದ ಕೊಡುವುದು ಎಂಬುದು ಅವನ ಮಾತಿನ ಸಾರ.

ಆಮೇಲೆ ಅಡುಗೆ. ಅಂಗಿಯನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡು ಹಂದಿಗೂಡಿಗೆ ಹೋಗಿ ಎರಡು ಮರಿಗಳನ್ನು ತರುತ್ತಾನೆ. ಕೊಯ್ದು, ರೋಮ ಸುಟ್ಟು, ತುಂಡು ಮಾಡಿ, ಸಲಾಕೆಗೆ ಚುಚ್ಚಿ ಸುಡುತ್ತಾನೆ. ಬಿಸಿಬಿಸಿ ಮಾಂಸವನ್ನು ಸಲಾಕೆಯ ಸಮೇತ ಅತಿಥಿಯ ಮುಂದಿಟ್ಟು, ಮೇಲೆ ಬಿಳಿ ಜವೆಹಿಟ್ಟು ಉದುರಿಸುತ್ತಾನೆ. ಮರದ ಬೋಗುಣಿಯಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸಿ ಎದುರಿಗೆ ಕೂರುತ್ತಾನೆ. ಕೊಬ್ಬಿದ ಹಂದಿಗಳೆಲ್ಲ ಅರಮನೆಯ ಆ ದಂಡಿಗೆ ಹೋಗುತ್ತವೆ, ಆಳುಗಳ ಪಾಲಿಗೆ ಉಳಿಯುವುದು ಈ ಮರಿಗಳೇ ಎಂದು ಬೇಸರದಿಂದ ಹೇಳಿಯೂ ಹೇಳುತ್ತಾನೆ. ಬಡತನವನ್ನು ಮುಚ್ಚಿಡಬೇಕು ಎಂಬ ಸಂಕೋಚ ಅವನಿಗಿಲ್ಲ.

ಅತಿಥಿಯ ಹೊಟ್ಟೆ ತುಂಬಿ, ಒಡೆಯನ ಕಥೆ ಹೇಳಿಕೊಂಡ ಮೇಲಷ್ಟೇ ಯೂಮಿಯಸ್ ಕೇಳುವುದು: ನೀನು ಯಾರು, ನಿನ್ನ ಊರು ಯಾವುದು? ಒಡಿಸ್ಯೂಸ್ ತಾನು ಕ್ರೀಟ್ ದ್ವೀಪದವನೆಂದು ಉದ್ದಕ್ಕೂ ಸುಳ್ಳು ಹೆಣೆಯುತ್ತಾನೆ. ಅದರ ನಡುವೆ, ನಿನ್ನ ಒಡೆಯ ಬೇಗ ಬರುತ್ತಾನೆ ಎಂಬ ಒಂದು ಸತ್ಯವನ್ನೂ ಸೇರಿಸುತ್ತಾನೆ. ಯೂಮಿಯಸ್ ಮಿಕ್ಕದ್ದನ್ನು ನಂಬಿದರೂ ಅದೊಂದನ್ನು ನಂಬುವುದಿಲ್ಲ. ಒಡೆಯನ ಸುದ್ದಿ ತಂದೆವೆಂದು ಹೇಳಿ ಬಟ್ಟೆಬರೆ ಗಿಟ್ಟಿಸಿಕೊಂಡು ಹೋದವರನ್ನು ಅವನು ಕಂಡಿದ್ದಾನೆ. ಈ ವಯಸ್ಸಿನಲ್ಲಿ ಸುಳ್ಳೇಕೆ ಹೇಳುತ್ತೀಯ ಎಂದು ಮುಖದ ಮೇಲೆ ಹೊಡೆದಂತೆ ಕೇಳುತ್ತಾನೆ. ಮುಂದೆ ಬರುವ ಮಾತು ಈ ಇಡೀ ಪದ್ಧತಿಗೆ ಬೀಗದ ಕೈ ಇದ್ದಂತೆ: ನಾನು ನಿನ್ನನ್ನು ಆದರಿಸುವುದು ನನಗೆ ಹಿತವಾಗುವ ಸುದ್ದಿ ಹೇಳಿದೆಯೆಂದಲ್ಲ, ಜೀಯಸನ ಭಯದಿಂದ, ಮತ್ತು ನಿನ್ನನ್ನು ಕಂಡು ಮರುಗಿ.

ಹಾಗಾದರೆ ಪಂತ ಕಟ್ಟೋಣ, ನನ್ನ ಮಾತು ಸುಳ್ಳಾದರೆ ನನ್ನನ್ನು ಬಂಡೆಯ ಮೇಲಿಂದ ತಳ್ಳಿಸಿಬಿಡು ಎನ್ನುತ್ತಾನೆ ಒಡಿಸ್ಯೂಸ್. ಗುಡಿಸಲಿಗೆ ಕರೆದು ಉಣಿಸಿದವನನ್ನು ಕೊಂದು ಯಾವ ಮುಖದಲ್ಲಿ ದೇವರನ್ನು ಬೇಡಲಿ ಎಂದು ಯೂಮಿಯಸ್ ಆ ಪಂತವನ್ನೇ ತಳ್ಳಿಹಾಕುತ್ತಾನೆ. ಅತಿಥಿ ನಂಬಿಕಸ್ಥನೇ ಎಂಬ ಪ್ರಶ್ನೆಯೂ, ಅವನಿಗೆ ಊಟ ಹಾಕಬೇಕೇ ಎಂಬ ಪ್ರಶ್ನೆಯೂ ಇವನ ಪಾಲಿಗೆ ಬೇರೆ ಬೇರೆ. ಮೊದಲನೆಯದಕ್ಕೆ ಉತ್ತರ ಇಲ್ಲವೆಂದಾದರೂ ಎರಡನೆಯದರ ಉತ್ತರ ಬದಲಾಗುವುದಿಲ್ಲ.

ಆ ರಾತ್ರಿ ಮಳೆ, ಚಳಿಗಾಳಿ. ಸಂಜೆ ಹಿಂದಿರುಗಿದ ಹಂದಿಗಾಹಿಗಳ ಜೊತೆ ಮತ್ತೊಂದು ಊಟವಾಗಿದೆ. ಅದಕ್ಕೆ ಐದು ವರ್ಷದ ಕೊಬ್ಬಿದ ಹಂದಿಯನ್ನೇ ಕೊಯ್ದು, ಬೆನ್ನಿನ ಉದ್ದ ತುಂಡನ್ನು ಅತಿಥಿಗೆ ಮರ್ಯಾದೆಯ ಪಾಲಾಗಿ ಕೊಟ್ಟಿದ್ದಾರೆ. ಒಡಿಸ್ಯೂಸ್ ಯುದ್ಧದ ಒಂದು ಕಥೆ ಹೇಳಿ, ಹೊದಿಕೆ ಬೇಕೆಂದು ಸುತ್ತಿಬಳಸಿ ಕೇಳುತ್ತಾನೆ. ಯೂಮಿಯಸ್ ಬೆಂಕಿಯ ಹತ್ತಿರ ಕುರಿ, ಮೇಕೆಯ ತೊಗಲು ಹಾಸಿ, ಬಿರುಗಾಳಿಗೆಂದು ಇಟ್ಟುಕೊಂಡಿದ್ದ ತನ್ನ ದಪ್ಪ ಮೇಲಂಗಿಯನ್ನು ಹೊದಿಸುತ್ತಾನೆ. ಆದರೆ ಬೆಳಗಾದರೆ ನಿನ್ನ ಚಿಂದಿಯನ್ನೇ ಉಡಬೇಕಾಗುತ್ತದೆ, ಇಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಹೊದಿಕೆ ಎಂದು ಮೊದಲೇ ಹೇಳಿಬಿಡುತ್ತಾನೆ. ಇಲ್ಲದ್ದನ್ನು ಇದೆಯೆಂದು ತೋರಿಸುವುದಿಲ್ಲ, ಇರುವುದನ್ನು ಮುಚ್ಚಿಡುವುದಿಲ್ಲ. ಅತಿಥಿಯನ್ನು ಬೆಚ್ಚಗೆ ಮಲಗಿಸಿ ತಾನು ಹಂದಿಗಳ ಕಾವಲಿಗೆ ಹೊರಗೆ ಹೋಗಿ ಬಂಡೆಯ ಅಡಿ ಮಲಗುತ್ತಾನೆ.

ಇದಕ್ಕೆ ಎದುರಾಗಿ ಅರಮನೆಯಲ್ಲಿ ಯೂರಿಮಾಕಸ್ ಇದ್ದಾನೆ. ಪೆನೆಲೊಪಿಯನ್ನು ವರಿಸಲು ಬಂದವರಲ್ಲಿ ಮುಖ್ಯನಾದವನು, ಮಾತಿನಲ್ಲಿ ನಯದ ಮುದ್ದೆ. ನಿನ್ನ ಮಗನ ಮೇಲೆ ಕೈಮಾಡುವವನು ಹುಟ್ಟಿಲ್ಲ, ನಾನಿದ್ದೇನೆ ಎಂದು ತಾಯಿಗೆ ಧೈರ್ಯ ಹೇಳುತ್ತಲೇ ಆ ಮಗನ ಕೊಲೆಗೆ ಹೊಂಚುಹಾಕುತ್ತಿರುತ್ತಾನೆ. ತಿರುಕನ ವೇಷದ ಒಡಿಸ್ಯೂಸನ ಮೇಲೆ ಕಾಲುಮಣೆ ಎಸೆಯುವವರಲ್ಲಿ ಅವನೂ ಒಬ್ಬ. ಸೌಜನ್ಯ ಮತ್ತು ಸತ್ಕಾರ ಒಂದನ್ನೊಂದು ಬಿಟ್ಟು ಬದುಕಬಲ್ಲವು ಎಂದು ತೋರಿಸಲು ಹೋಮರನಿಗೆ ಈ ಇಬ್ಬರು ಸಾಕು.

ಹೆಸರು ಕೇಳುವ ಹೊತ್ತು

ಮೊದಲು ಊಟ, ಆಮೇಲೆ ಹೆಸರು ಎಂಬುದು ಯೂಮಿಯಸ್ ಒಬ್ಬನ ರೂಢಿಯಲ್ಲ. ಕಾವ್ಯದ ಉದ್ದಕ್ಕೂ ಈ ಕ್ರಮ ಮತ್ತೆ ಮತ್ತೆ ಬರುತ್ತದೆ. ಒಡಿಸ್ಯೂಸನ ಮಗ ಟೆಲಿಮಾಕಸ್ ಬಾಗಿಲಲ್ಲಿ ನಿಂತ ಹೊಸಬನನ್ನು ಕಂಡೊಡನೆ, ಇಷ್ಟು ಹೊತ್ತು ಯಾರೂ ಕರೆಯದೆ ನಿಲ್ಲಿಸಿದೆವಲ್ಲ ಎಂದು ನಾಚುತ್ತಾನೆ. ಎದ್ದುಹೋಗಿ ಬಲಗೈ ಹಿಡಿದು, ಈಟಿ ಇಸಿದುಕೊಂಡು, ಗಲಾಟೆಯಿಂದ ದೂರವಾದ ಆಸನದಲ್ಲಿ ಕೂರಿಸಿ, ಕೈಗೆ ನೀರು ಹಾಕಿಸಿ ಊಟ ಬಡಿಸುತ್ತಾನೆ. ಹೆಸರು ಕೇಳುವುದು ಅದಾದ ಮೇಲೆ. ಬಂದವಳು ವೇಷ ಮರೆಸಿಕೊಂಡ ಅಥೀನಾ ಎಂಬುದು ಆಗ ಅವನಿಗೆ ತಿಳಿದಿಲ್ಲ.

ಫಿಯೇಸಿಯನ್ನರ ದ್ವೀಪದಲ್ಲಿ ಈ ಕ್ರಮ ತುದಿಮುಟ್ಟುತ್ತದೆ. ತೆಪ್ಪ ಒಡೆದು ಒಂಟಿಯಾಗಿ ಬಂದ ಒಡಿಸ್ಯೂಸ್ ಅರಮನೆಯ ಒಲೆಯ ಬೂದಿಯಲ್ಲಿ ಕೂತು ಆಸರೆ ಬೇಡುತ್ತಾನೆ. ದೊರೆ ಅಲ್ಸಿನೋಸ್ ಅವನನ್ನು ಎಬ್ಬಿಸಿ ಪೀಠಕ್ಕೆ ತಂದು, ಊರು ಮುಟ್ಟಿಸುವ ಮಾತನ್ನು ಅಂದು ರಾತ್ರಿಯೇ ಕೊಡುತ್ತಾನೆ. ರಾಣಿ ಅರೀಟಿ ಯಾರು ನೀನು ಎಂದು ಕೇಳಿದಾಗ ಒಡಿಸ್ಯೂಸ್ ಉಳಿದದ್ದನ್ನು ಹೇಳಿ ಹೆಸರನ್ನು ಮಾತ್ರ ಹೇಳುವುದಿಲ್ಲ; ಅವರು ಒತ್ತಾಯಿಸುವುದೂ ಇಲ್ಲ. ಹೆಸರು ಹೊರಬರುವುದು ಮರುದಿನ ಆಟ, ಹಾಡು, ಊಟ ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಹಡಗೂ ಸಿದ್ಧವಾಗಿದೆ, ಉಡುಗೊರೆಯೂ ಸೇರಿದೆ.

ಈ ತಡ ಸುಮ್ಮನೆ ಬಂದ ಶಿಷ್ಟಾಚಾರವಲ್ಲ. ಆ ಕಾಲದ ಸಮುದ್ರತೀರದಲ್ಲಿ ಪೊಲೀಸರಿಲ್ಲ, ಛತ್ರವಿಲ್ಲ, ಊರೂರಿಗೆ ಒಪ್ಪಂದವಿಲ್ಲ. ಹೆಸರು ಹೇಳಿದರೆ ಕುಲ, ಊರು, ಹಳೆಯ ಹಗೆ ಎಲ್ಲ ಒಟ್ಟಿಗೆ ಬಯಲಿಗೆ ಬೀಳುತ್ತವೆ. ಬಂದವನು ಶತ್ರುವಿನ ಮಗನಿರಬಹುದು, ಕೊಲೆ ಮಾಡಿ ಊರುಬಿಟ್ಟವನಿರಬಹುದು. ಅನ್ನ ಒಳಗೆ ಹೋದ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಕೈಯೆತ್ತುವಂತಿಲ್ಲ. ಆ ಕಟ್ಟು ಬಿಗಿಯುವವರೆಗೆ ಹೆಸರು ಕಾಯುತ್ತದೆ. ಹಾಗೆ ಕಾಯುವವರೆಗಿನ ಅಪಾಯವನ್ನು ಮನೆಯವನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ.

ಕಳಿಸಿಕೊಡುವುದಕ್ಕೂ ನಿಯಮವಿದೆ. ಸ್ಪಾರ್ಟಾದ ಮೆನೆಲಾಸ್ ತನ್ನ ಅತಿಥಿ ಟೆಲಿಮಾಕಸನಿಗೆ ಇದನ್ನು ಬಿಡಿಸಿ ಹೇಳುತ್ತಾನೆ: ಇರಬೇಕೆನ್ನುವವನನ್ನು ಹೊರಡಿಸುವುದೂ ತಪ್ಪು, ಹೊರಡಬೇಕೆನ್ನುವವನನ್ನು ತಡೆಯುವುದೂ ಅಷ್ಟೇ ತಪ್ಪು. ಬರುವುದು, ಉಣ್ಣುವುದು, ಹೆಸರು ಹೇಳುವುದು, ಹೊರಡುವುದು ಇವೆಲ್ಲ ಸೇರಿ ಒಂದೇ ಕ್ರಿಯೆ.

ಅತಿಥಿಯ ಕಟ್ಟುಪಾಡು

ಸೌಜನ್ಯ ತಪ್ಪಿದರೆ ಮುಖ ಸಿಂಡರಿಸುತ್ತಾರೆ. ಕ್ಸೆನಿಯಾ ತಪ್ಪಿದರೆ ಊರುಗಳು ಸುಟ್ಟುಹೋಗುತ್ತವೆ. ಟ್ರಾಯ್ ಯುದ್ಧಕ್ಕೆ ಕಾರಣನಾದ ಪ್ಯಾರಿಸ್, ಮೆನೆಲಾಸನ ಮನೆಯಲ್ಲಿ ಅತಿಥಿಯಾಗಿದ್ದುಕೊಂಡೇ ಅವನ ಹೆಂಡತಿ ಹೆಲೆನಳನ್ನು ಕರೆದೊಯ್ದವನು. ಪೆನೆಲೊಪಿಯ ಮನೆ ತುಂಬಿಕೊಂಡವರ ಅಪರಾಧವೂ ಅತಿಥಿಗಳ ಅಪರಾಧವೇ: ಕರೆಯದೆ ಉಳಿದದ್ದು, ಕೊಟ್ಟದ್ದಕ್ಕಿಂತ ಹೆಚ್ಚು ತೆಗೆದುಕೊಂಡದ್ದು, ಮನೆಗೆ ಬಂದ ಬೇರೆ ಅಪರಿಚಿತನನ್ನು ಹೊಡೆದದ್ದು.

ಒಕ್ಕಣ್ಣ ದೈತ್ಯ ಪಾಲಿಫೀಮಸನ ಗವಿಯ ಪ್ರಸಂಗದಲ್ಲಿ ಇಡೀ ಕ್ರಮ ತಲೆಕೆಳಗಾಗುತ್ತದೆ. ಅವನು ಕಂಡೊಡನೆ ಕೇಳುವುದೇ ನೀವು ಯಾರು ಎಂದು. ಅತಿಥಿಗಳಿಗೆ ಉಣಿಸುವ ಬದಲು ಅತಿಥಿಗಳನ್ನೇ ಉಣ್ಣುತ್ತಾನೆ. ಎಲ್ಲರಿಗಿಂತ ಕೊನೆಗೆ ನಿನ್ನನ್ನು ತಿನ್ನುತ್ತೇನೆ ಎಂಬುದು ಅವನು ಒಡಿಸ್ಯೂಸನಿಗೆ ಕೊಡುವ ಉಡುಗೊರೆ. ಆದರೆ ಒಡಿಸ್ಯೂಸನೂ ಇಲ್ಲಿ ನಿರ್ದೋಷಿಯಲ್ಲ. ಮನೆಯವನು ಇಲ್ಲದಾಗ ಒಳಹೊಕ್ಕು, ಅವನ ಗಿಣ್ಣು ತಿಂದು, ಉಡುಗೊರೆಯ ಆಸೆಗೆ ಕಾದು ಕೂತವನು ಅವನು. ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಮತ್ತೇರಿದ ದೈತ್ಯನ ಕಣ್ಣು ಇರಿದು ಪಾರಾಗುತ್ತಾನೆ.

ಈ ಕಥೆಯ ನೆರಳು ಕನ್ನಡಿಗರಿಗೆ ಪರಿಚಿತವಾದ ಒಂದು ಕೃತಿಯ ಮೇಲೂ ಬಿದ್ದಿದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದರಲ್ಲಿ, ಭಾರತದ ಕಡಲತೀರದ ದೊರೆಯೊಬ್ಬನ ಕೈಗೆ ಸಿಕ್ಕಿ ಬಲಿಯಾಗಲಿದ್ದ ಕ್ಯಾರಿಶನ್ ಎಂಬ ಗ್ರೀಕ್ ಹೆಣ್ಣಿನ ಪ್ರಹಸನವಿದೆ. ಅವಳ ಕಡೆಯವರು ದೊರೆಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ತಪ್ಪಿಸಿಕೊಳ್ಳುತ್ತಾರೆ. ಅದರಲ್ಲಿ ದೊರೆಯ ಬಾಯಲ್ಲಿ ಬರುವ ಮಾತುಗಳು ಕನ್ನಡವಿರಬಹುದೆಂದು ವಿದ್ವಾಂಸ ಹುಲ್ಟ್ಸ್ ಸೂಚಿಸಿದರು. ಶಾಮಶಾಸ್ತ್ರಿಗಳು ಮತ್ತು ಗೋವಿಂದ ಪೈ ಆ ಜಾಡಿನಲ್ಲಿ ಓದಿದರು. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಭಾಷೆಯ ವಿವಾದ ಏನೇ ಇರಲಿ, ನಾಟಕದ ಕಟ್ಟು ಅಪ್ಪಟ ಗ್ರೀಕ್. ದೂರದ ದಡದವರನ್ನು ಅಳೆಯಲು ಗ್ರೀಕರ ಬಳಿ ಇದ್ದ ಮೊದಲ ಪ್ರಶ್ನೆ, ಅಲ್ಲಿ ಅಪರಿಚಿತರ ಗತಿ ಏನಾಗುತ್ತದೆ ಎಂಬುದು.

ತಲೆಮಾರಿಗೆ ಇಳಿಯುವ ನಂಟು

ಒಮ್ಮೆ ಉಂಡ ಉಪ್ಪಿನ ನಂಟು ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದೆ. ‘ಇಲಿಯಡ್’ನ 6ನೆಯ ಸರ್ಗದಲ್ಲಿ ಗ್ರೀಕರ ಕಡೆಯ ಡಯೋಮಿಡೀಸ್, ಟ್ರಾಯ್ ಕಡೆಯ ಗ್ಲಾಕಸ್ ರಣರಂಗದಲ್ಲಿ ಎದುರಾಗುತ್ತಾರೆ. ಮಾತಿಗೆ ಮಾತು ಬೆಳೆದಾಗ, ಡಯೋಮಿಡೀಸನ ಅಜ್ಜ ಗ್ಲಾಕಸನ ಅಜ್ಜನನ್ನು 20 ದಿನ ಮನೆಯಲ್ಲಿ ಇರಿಸಿಕೊಂಡಿದ್ದ ಸಂಗತಿ ತಿಳಿಯುತ್ತದೆ. ಈಟಿ ನೆಲಕ್ಕೆ ಊರಿ, ಕೈ ಹಿಡಿದು, ಕವಚ ಬದಲಾಯಿಸಿಕೊಂಡು, ಯುದ್ಧದಲ್ಲಿ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲವೆಂದು ಮಾತಾಡಿಕೊಳ್ಳುತ್ತಾರೆ. ದೇಶಗಳ ಹಗೆ ಹಾಗೇ ಇದೆ. ಅಜ್ಜಂದಿರ ಊಟ ಅದಕ್ಕಿಂತ ಮೇಲು.

ಮುಂದಿನ ಶತಮಾನಗಳಲ್ಲಿ ಈ ನಂಟಿಗೆ ಗುರುತಿನ ವಸ್ತುಗಳು ಹುಟ್ಟಿಕೊಂಡವು. ಒಂದು ವಸ್ತುವನ್ನು ಎರಡು ಮಾಡಿ ಆತಿಥೇಯ ಒಂದು, ಅತಿಥಿ ಒಂದು ಇಟ್ಟುಕೊಳ್ಳುವರು. ವರ್ಷಗಳ ಮೇಲೆ ಯಾರೋ ಅದನ್ನು ತಂದು ಜೋಡಿಸಿ ತೋರಿದರೆ, ತಂದವನ ಮುಖ ಗೊತ್ತಿಲ್ಲದಿದ್ದರೂ ಮನೆ ತೆರೆಯುತ್ತಿತ್ತು. ಊರುಗಳು ಬೆಳೆದಂತೆ ಇದೇ ನಂಟು ರಾಜ್ಯವ್ಯವಹಾರಕ್ಕೂ ಬಂತು. ಒಂದು ನಗರ ಬೇರೆ ನಗರದ ಪ್ರಜೆಯೊಬ್ಬನನ್ನು ‘ಪ್ರೊಕ್ಸೆನೊಸ್’ ಎಂದು ಗೌರವಿಸುತ್ತಿತ್ತು. ತನ್ನನ್ನು ಗೌರವಿಸಿದ ನಗರದಿಂದ ಬಂದವರನ್ನು ತನ್ನೂರಿನಲ್ಲಿ ನೋಡಿಕೊಳ್ಳುವ ಹೊಣೆ ಅವನದು. ಕೊರ್ಫು ದ್ವೀಪದಲ್ಲಿ ಸುಮಾರು ಕ್ರಿ.ಪೂ. 600ರ ದುಂಡನೆಯ ಸಮಾಧಿಯೊಂದಿದೆ. ಸಮುದ್ರದಲ್ಲಿ ಸತ್ತ ಮೆನೆಕ್ರಟೀಸ್ ಎಂಬ ಹೊರಊರಿನವನಿಗೆ, ಅವನು ತಮ್ಮ ಪ್ರೊಕ್ಸೆನೊಸ್ ಆಗಿದ್ದನೆಂದು, ಅಲ್ಲಿಯ ಜನ ಕಟ್ಟಿಸಿದ್ದು. ಈ ಪದವಿಗೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದರ ಮೇಲಿನ ಶಾಸನವೂ ಸೇರಿದೆ.

ಅಡ್ಮೀಟಸ್ ಮುಚ್ಚಿಟ್ಟ ಸಾವು

ಸತ್ಕಾರ ಎಲ್ಲಿಯವರೆಗೆ ಹೋಗಬಹುದು ಎಂದು ಅತಿ ಹತ್ತಿರದಿಂದ ನೋಡಿದವನು ನಾಟಕಕಾರ ಯೂರಿಪಿಡೀಸ್. ಕ್ರಿ.ಪೂ. 438ರಲ್ಲಿ ಅಥೆನ್ಸ್‌ನಲ್ಲಿ ಆಡಿದ ‘ಅಲ್ಸೆಸ್ಟಿಸ್’ನಲ್ಲಿ, ಥೆಸಲಿಯ ದೊರೆ ಅಡ್ಮೀಟಸನ ಹೆಂಡತಿ ಗಂಡನ ಬದಲಿಗೆ ತಾನು ಸಾಯುತ್ತಾಳೆ. ಶವ ಮನೆಯಲ್ಲಿರುವಾಗಲೇ ಹೆರಾಕ್ಲೀಸ್ ದಾರಿಯಲ್ಲಿ ಹೋಗುತ್ತ ಬಾಗಿಲಿಗೆ ಬರುತ್ತಾನೆ. ಸೂತಕ ಕಂಡು ಬೇರೆ ಮನೆಗೆ ಹೋಗುತ್ತೇನೆ ಎನ್ನುತ್ತಾನೆ. ಅಡ್ಮೀಟಸ್, ಸತ್ತವಳು ನಮ್ಮ ರಕ್ತಸಂಬಂಧಿಯಲ್ಲ ಎಂದು ಸತ್ಯವನ್ನು ಮುಚ್ಚಿ, ಅತಿಥಿಗಳ ಕೋಣೆಗೆ ಕಳಿಸಿ, ಅಳು ಕೇಳದಂತೆ ನಡುವಿನ ಬಾಗಿಲು ಮುಚ್ಚಿಸುತ್ತಾನೆ. ಒಳಗೆ ಹೆರಾಕ್ಲೀಸ್ ಕುಡಿದು ಹಾಡುತ್ತಾನೆ; ಬಡಿಸುವ ಆಳು ಕಣ್ಣೀರು ನುಂಗಿಕೊಳ್ಳುತ್ತಾನೆ.

ಅಡ್ಮೀಟಸ್ ಹೇಳುವ ಕಾರಣಗಳಲ್ಲಿ ಎರಡು: ಬಂದವನನ್ನು ಕಳಿಸಿದರೆ ನನ್ನ ದುಃಖವೇನೂ ಕಡಿಮೆಯಾಗುವುದಿಲ್ಲ, ಮನೆಗೆ ಕೆಟ್ಟ ಹೆಸರು ಮಾತ್ರ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಈ ಎರಡನೆಯ ಕಾರಣದಲ್ಲಿ ಸತ್ಕಾರ ಸೌಜನ್ಯದ ಕಡೆಗೆ ಜಾರುತ್ತಿರುವುದು ಕಾಣುತ್ತದೆ. ಯೂಮಿಯಸನಿಗೂ ಹೆಸರಿನ ಚಿಂತೆ ಇತ್ತು, ಆದರೆ ಅವನು ತನ್ನ ದುಃಖವನ್ನೂ ಬಡತನವನ್ನೂ ಅತಿಥಿಯ ಮುಂದೆ ಬಿಚ್ಚಿಟ್ಟ. ಅಡ್ಮೀಟಸ್ ಮುಚ್ಚಿಟ್ಟ, ಅದರಿಂದ ಅತಿಥಿಯೇ ತನಗರಿವಿಲ್ಲದೆ ತಪ್ಪಿತಸ್ಥನಾದ. ನಿಜ ತಿಳಿದ ಹೆರಾಕ್ಲೀಸ್ ಸಾವಿನೊಡನೆ ಸೆಣಸಿ ಅಲ್ಸೆಸ್ಟಿಸಳನ್ನು ಮರಳಿ ತರುತ್ತಾನೆ. ತಂದ ಮೇಲೂ, ಗೆಳೆಯನಾದ ನನ್ನಿಂದ ಮುಚ್ಚಿಡಬಾರದಿತ್ತು ಎಂದು ಅವನು ದೂರದೆ ಬಿಡುವುದಿಲ್ಲ.

ಊರಿನ ಎಲ್ಲೆ

ಮನೆಯ ಬಾಗಿಲು ತೆರೆದಿದ್ದ ಕಾಲದಲ್ಲೂ ಊರಿನ ಬಾಗಿಲು ಅಷ್ಟು ಸಲೀಸಾಗಿ ತೆರೆಯಲಿಲ್ಲ. ಅಥೆನ್ಸ್‌ನಲ್ಲಿ ನೆಲೆಸಿದ ಹೊರಗಿನವರು ‘ಮೆಟಿಕ್’ ಎಂಬ ಬೇರೆ ವರ್ಗಕ್ಕೆ ಸೇರುತ್ತಿದ್ದರು. ಗಂಡಸು ವರ್ಷಕ್ಕೆ 12 ದ್ರಾಕ್ಮ, ಒಂಟಿ ಹೆಂಗಸು 6 ದ್ರಾಕ್ಮ ತಲೆಗಂದಾಯ ಕೊಡಬೇಕಿತ್ತು. ಜಾಮೀನಿಗೆ ಒಬ್ಬ ಪ್ರಜೆ ನಿಲ್ಲಬೇಕಿತ್ತು. ಸಾಮಾನ್ಯವಾಗಿ ಜಮೀನು ಕೊಳ್ಳುವಂತಿರಲಿಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸ್ ತಂದ ಕಾನೂನಿನ ಪ್ರಕಾರ ತಂದೆತಾಯಿ ಇಬ್ಬರೂ ಅಥೆನ್ಸ್‌ನವರಾಗಿದ್ದರೆ ಮಾತ್ರ ಮಗ ಪ್ರಜೆ. ಸ್ಪಾರ್ಟಾ ಆಗಾಗ ಪರದೇಶಿಗಳನ್ನು ಹೊರಹಾಕುತ್ತಿತ್ತು. ಅತಿಥಿಯಾಗಿ ಉಳಿಯುವವರೆಗೆ ಆದರ, ಊರಿನವನಾಗಲು ಹೊರಟರೆ ತಡೆ: ಫಿಲೊಕ್ಸೆನಿಯಾ ಎಂದೂ ದಾಟದ ಗೆರೆ ಇದು. ಅದು ಹಕ್ಕನ್ನು ಕೊಡುವುದಿಲ್ಲ, ಆಸರೆಯನ್ನು ಕೊಡುತ್ತದೆ.

ಕ್ರೈಸ್ತಧರ್ಮ ಈ ಮಾತನ್ನು ಹಾಗೇ ಎತ್ತಿಕೊಂಡಿತು. ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯದಲ್ಲಿ ಫಿಲೊಕ್ಸೆನಿಯಾ ಭಕ್ತರ ಕರ್ತವ್ಯವಾಗಿ ಬರುತ್ತದೆ. ಮೂವರು ಅಪರಿಚಿತರಿಗೆ ಅಬ್ರಹಾಮ ಉಣಿಸುವ ದೃಶ್ಯವನ್ನು ಪೂರ್ವದ ಚರ್ಚುಗಳು ‘ಅಬ್ರಹಾಮನ ಫಿಲೊಕ್ಸೆನಿಯಾ’ ಎಂದೇ ಚಿತ್ರಿಸುತ್ತವೆ. 4ನೆಯ ಶತಮಾನದಲ್ಲಿ ಸೀಸರಿಯದ ಬೇಸಿಲ್ ದಾರಿಹೋಕರಿಗೂ ರೋಗಿಗಳಿಗೂ ದೊಡ್ಡ ಆಶ್ರಯತಾಣ ಕಟ್ಟಿಸಿದ. ಅಲ್ಲಿಂದಾಚೆಗೆ ಮನೆಯವನ ಹೊಣೆಯಲ್ಲಿ ಒಂದು ಪಾಲು ಸಂಸ್ಥೆಗಳಿಗೆ ಹೋಯಿತು.

ಇಂದಿನ ಗ್ರೀಸ್

ಇಂದಿನ ಹಳ್ಳಿಮನೆಯಲ್ಲಿ ಸತ್ಕಾರ ಒಂದು ತಟ್ಟೆಯಲ್ಲಿ ಬರುತ್ತದೆ: ಪುಟ್ಟ ಬಸಿಯಲ್ಲಿ ಚಮಚದಷ್ಟು ಹಣ್ಣಿನ ಪಾಕ, ಒಂದು ಲೋಟ ತಣ್ಣೀರು, ಕಾಫಿ. ಚೆರಿ, ಕಿತ್ತಳೆಸಿಪ್ಪೆ, ಎಳೆಯ ಅಂಜೂರಗಳನ್ನು ಸಕ್ಕರೆಪಾಕದಲ್ಲಿ ಇಡಿಯಾಗಿ ಬೇಯಿಸಿಟ್ಟ ಇದು, ಯಾರು ಯಾವಾಗ ಬಂದರೂ ಕೊಡಲು ಕಪಾಟಿನಲ್ಲಿ ಸಿದ್ಧವಾಗಿರುತ್ತದೆ. ಊರಿನ ಕಾಫಿ ಅಂಗಡಿಯಲ್ಲಿ ಹೊಸಬ ಕುಡಿದೆದ್ದು ದುಡ್ಡು ತೆಗೆದರೆ, ಆಗಲೇ ಯಾರೋ ಕೊಟ್ಟಾಗಿದೆ ಎಂಬ ಉತ್ತರ ಬರಬಹುದು. ಇದಕ್ಕೆ ‘ಕೆರಾಸ್ಮ’ ಎನ್ನುತ್ತಾರೆ. ಅಲ್ಲೇ ಹಟ ಹಿಡಿದು ತನ್ನ ಲೆಕ್ಕ ತಾನೇ ತೀರಿಸುತ್ತೇನೆ ಎನ್ನುವವನು ನಯವಾಗಿ ಮಾತಾಡಿದರೂ ಅವಮಾನ ಮಾಡಿದಂತೆ. ಸೌಜನ್ಯದಲ್ಲಿ ಬಾಕಿ ಉಳಿಯಬಾರದು. ಇಲ್ಲಿ ಬಾಕಿ ಉಳಿಯಲೇಬೇಕು. ಕೊಟ್ಟದ್ದಕ್ಕೂ ಮರಳಿಸುವುದಕ್ಕೂ ನಡುವಿನ ಆ ಕಾಲವೇ ನಂಟು.

ಕ್ರೀಟ್‌ನ ಹಳ್ಳಿಗಳಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮೈಕೆಲ್ ಹರ್ಜ್‌ಫೆಲ್ಡ್ 1987ರ ಪ್ರಬಂಧವೊಂದರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಶ್ರೀಮಂತ ದೇಶದಿಂದ ಬಂದ ಪ್ರವಾಸಿಗೆ ಬಡ ಕುರುಬ ರಾಕಿ ಕುಡಿಸಿದಾಗ, ಹೊರಗಿನ ಲೋಕದ ಏರುಪೇರು ಆ ಮೇಜಿನ ಮೇಲೆ ತಿರುಗುಮುರುಗಾಗುತ್ತದೆ. ಮನೆ ಯಾರದು ಎಂಬುದು ಒಂದು ಕ್ಷಣವೂ ಮರೆತುಹೋಗುವುದಿಲ್ಲ. ಇದನ್ನು ಒಪ್ಪಿದರೆ ಸತ್ಕಾರ ಸುಳ್ಳಾಗುವುದಿಲ್ಲ. ಆದರೆ ಅತಿಥಿ ತನ್ನ ಸ್ಥಾನ ಮೀರಿ ಏನನ್ನಾದರೂ ಕೇಳಿದಾಗ ಮನೆಯವನ ಮುಖ ಯಾಕೆ ಬಿಗಿಯುತ್ತದೆ ಎಂಬುದು ಅರ್ಥವಾಗುತ್ತದೆ.

ಸರ್ಕಾರ ಈ ಮಾತನ್ನು ಬಳಸಿದ ರೀತಿ ಬೇರೆ. 2012ರ ಆಗಸ್ಟ್‌ನಲ್ಲಿ ದಾಖಲೆಯಿಲ್ಲದ ವಲಸಿಗರನ್ನು ಹಿಡಿಯಲು ಗ್ರೀಕ್ ಪೊಲೀಸರು ಶುರುಮಾಡಿದ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕ್ಸೆನಿಯೊಸ್ ಜೀಯಸ್’. ಬೀದಿಯಲ್ಲಿ ನಿಲ್ಲಿಸಿ ಮೊದಲು ಕೇಳುತ್ತಿದ್ದದ್ದೇ ಹೆಸರು, ಕಾಗದಪತ್ರ. ಹ್ಯೂಮನ್ ರೈಟ್ಸ್ ವಾಚ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ವರ್ಷದ ಫೆಬ್ರವರಿಯೊಳಗೆ ಸುಮಾರು 85,000 ಪರದೇಶಿಗಳನ್ನು ಠಾಣೆಗೆ ಒಯ್ದರು. ಅವರಲ್ಲಿ ಅಕ್ರಮವಾಗಿ ಇದ್ದವರು ಶೇ 6ಕ್ಕಿಂತ ಹೆಚ್ಚಿರಲಿಲ್ಲ. ಅಪರಿಚಿತರನ್ನು ಕಾಯುವ ದೇವರ ಬಿರುದನ್ನು ಅವರನ್ನು ಹಿಡಿಯುವ ಕೆಲಸಕ್ಕೆ ಇಟ್ಟದ್ದು ಅಪಚಾರವೆಂದೇ ಹೇಳಬೇಕು.

2015ರಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ಗ್ರೀಸಿಗೆ ಬಂದರು. ಅರ್ಧಕ್ಕಿಂತ ಹೆಚ್ಚು ಮಂದಿ ಇಳಿದದ್ದು ಲೆಸ್ಬೊಸ್ ದ್ವೀಪದಲ್ಲಿ. ಟರ್ಕಿಯ ಕರಾವಳಿ ಕಣ್ಣಿಗೆ ಕಾಣುವ ಸ್ಕಾಲ ಸಿಕಮ್ನಿಯಾಸ್ ಎಂಬ ಪುಟ್ಟ ಬೆಸ್ತರ ಊರಿನಲ್ಲಿ ಮೀನುಗಾರರು ರಬ್ಬರ್ ದೋಣಿಗಳನ್ನು ದಡಕ್ಕೆ ಎಳೆದರು, ಅಜ್ಜಿಯರು ಒದ್ದೆ ಮಕ್ಕಳನ್ನು ಮಡಿಲಿಗೆ ತೆಗೆದುಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿದರು. ದ್ವೀಪದ ಎಷ್ಟೋ ಕುಟುಂಬಗಳು 1922ರಲ್ಲಿ ಅದೇ ಜಲಸಂಧಿಯನ್ನು ದಾಟಿ ನಿರಾಶ್ರಿತರಾಗಿ ಬಂದವರ ಸಂತತಿ. 2015ರಲ್ಲಿ ಬಂದವರಿಗೆ ಮುಂದಕ್ಕೆ ದಾರಿಯಿತ್ತು. ಹೆಚ್ಚಿನವರು ದಿನಗಳಲ್ಲೇ ಉತ್ತರ ಯೂರೋಪಿನ ಕಡೆಗೆ ಹೊರಟರು.

2016ರ ಮಾರ್ಚ್‌ನಲ್ಲಿ ಯೂರೋಪಿಯನ್ ಒಕ್ಕೂಟ ಮತ್ತು ಟರ್ಕಿ ಮಾಡಿಕೊಂಡ ಒಪ್ಪಂದದೊಂದಿಗೆ ಆ ದಾರಿ ಮುಚ್ಚಿತು. ಬಂದವರು ಹೊರಡುವಂತಿರಲಿಲ್ಲ, ಉಳಿದು ಊರಿನವರಾಗುವಂತೆಯೂ ಇರಲಿಲ್ಲ. ಸರ್ಕಾರಿ ಭಾಷೆಯಲ್ಲಿ ಶಿಬಿರಗಳಿಗೆ ‘ಫಿಲೊಕ್ಸೆನಿಯಾ ತಾಣ’ ಎಂಬ ಹೆಸರೇ ಚಾಲ್ತಿಯಲ್ಲಿತ್ತು. ಸುಮಾರು 3,000 ಜನರಿಗೆಂದು ಮಾಡಿದ ಲೆಸ್ಬೊಸ್‌ನ ಮೋರಿಯಾ ಶಿಬಿರದ ಒಳಗೂ ಸುತ್ತಲಿನ ಆಲಿವ್ ತೋಪುಗಳಲ್ಲೂ 2020ರ ಆರಂಭಕ್ಕೆ 20,000ದಷ್ಟು ಮಂದಿ ತುಂಬಿದ್ದರು. ಹೊರಡಬೇಕೆನ್ನುವ ಅತಿಥಿಯನ್ನು ತಡೆಯಬಾರದೆಂದು ಮೆನೆಲಾಸ್ ಹೇಳಿದ್ದು ಅತಿಥಿಯ ಹಿತಕ್ಕಷ್ಟೇ ಅಲ್ಲ, ಮನೆಯವನ ಹಿತಕ್ಕೂ ಎಂಬುದು ಇಲ್ಲಿ ಗೊತ್ತಾಗುತ್ತದೆ. ಹೊರಡುವ ದಿನವೇ ಇಲ್ಲದ ಕಡೆ ಹಳ್ಳಿಯವರ ಅಡುಗೆಮನೆಯೂ, ತಾಳ್ಮೆಯೂ ಬತ್ತಿಹೋದವು. 2020ರ ಜನವರಿಯಲ್ಲಿ ಲೆಸ್ಬೊಸ್, ಸಾಮೊಸ್, ಕಿಯೊಸ್ ದ್ವೀಪಗಳ ಜನ ಅಂಗಡಿ ಮುಚ್ಚಿ ಬೀದಿಗಿಳಿದು, ತಮ್ಮ ದ್ವೀಪಗಳನ್ನು ತಮಗೆ ಹಿಂದಿರುಗಿಸಿ ಎಂದು ಕೇಳಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೋರಿಯಾ ಶಿಬಿರ ಸುಟ್ಟುಹೋಗಿ ಸಾವಿರಾರು ಜನ ರಸ್ತೆಬದಿಯಲ್ಲಿ ಮಲಗಿದರು.